ಊದಿದ ತುಟಿಯ ಫೋಟೋ ಬಂದಾಗ

ಹಲ್ಲುನೋವಿಗೆ ಐಬುಪ್ರೊಫೇನ್ ಮಾತ್ರೆ ನುಂಗಿ ಮುಕ್ಕಾಲು ಗಂಟೆ ಆಗಿರುತ್ತದೆ. ಮೇಲ್ದುಟಿ ಒಂದು ಕಡೆ ದಪ್ಪಗಾಗಿ ಬಿಗಿಯುತ್ತದೆ, ಎಡಗಣ್ಣಿನ ರೆಪ್ಪೆ ಮುಚ್ಚಿಕೊಳ್ಳುತ್ತದೆ, ಹೊಟ್ಟೆಯ ಮೇಲೆ ತುರಿಕೆಯ ಗಂಧೆಗಳು ಏಳುತ್ತವೆ. ಮನೆಯವರು ಫೋಟೋ ತೆಗೆದು, ನರ್ಸ್ ಕೆಲಸದಲ್ಲಿರುವ ನೆಂಟರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಕೇಳುತ್ತಾರೆ: ‘ಪಿತ್ತ ಇರಬೇಕು, ಬೆಳಿಗ್ಗೆವರೆಗೆ ಕಾಯಬಹುದಾ?’

ಇಲ್ಲಿ ಆಗಿರುವುದು ಇಷ್ಟು. ಚರ್ಮದಲ್ಲಿರುವ ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳು ಹಿಸ್ಟಮಿನ್ ಮತ್ತು ಅದರ ಜೊತೆಗಿನ ಬೇರೆ ರಾಸಾಯನಿಕಗಳನ್ನು ಸುರಿಸಿವೆ, ಸಣ್ಣ ರಕ್ತನಾಳಗಳಿಂದ ನೀರು ಹೊರಗೆ ಜಿನುಗಿದೆ. ಮೇಲ್ಪದರದಲ್ಲಿ ಜಿನುಗಿದರೆ ಗಂಧೆ. ಅದು ಒಂದು ಜಾಗದಲ್ಲಿ 24 ಗಂಟೆಗಿಂತ ಹೆಚ್ಚು ನಿಲ್ಲುವುದು ಕಡಿಮೆ. ಆಳದಲ್ಲಿ ಜಿನುಗಿದರೆ ಆಂಜಿಯೋಎಡಿಮಾ ಎಂಬ ಬಾವು. ಇದು ಪೂರ್ತಿ ಇಳಿಯಲು ಎರಡು ಮೂರು ದಿನ ಹಿಡಿಯಬಹುದು. ರೆಪ್ಪೆಯ ಅಡಿಯ ಅಂಗಾಂಶ ಸಡಿಲ, ಹಾಗಾಗಿ ಸ್ವಲ್ಪವೇ ನೀರು ಸೇರಿದರೂ ಕಣ್ಣು ಮುಚ್ಚಿಹೋಗುತ್ತದೆ. ನೋಡುವವರಿಗೆ ಗಾಬರಿ, ಆದರೆ ರೆಪ್ಪೆಯಿಂದ ಉಸಿರು ನಿಲ್ಲುವುದಿಲ್ಲ. ಅಪಾಯ ಇರುವುದು ನಾಲಿಗೆ ಮತ್ತು ಗಂಟಲಿನ ಬಾವಿನಲ್ಲಿ. ಅದು ಮುಖದ ಫೋಟೋದಲ್ಲಿ ಹೆಚ್ಚಾಗಿ ಕಾಣುವುದಿಲ್ಲ.

ಫೋಟೋದಲ್ಲೇ ನಾಲಿಗೆ ದಪ್ಪಗಾಗಿ ಬಾಯಿ ತುಂಬಿದಂತಿದ್ದರೆ, ಎಂಜಲು ನುಂಗಲಾಗದೆ ಸುರಿಯುತ್ತಿದ್ದರೆ, ಮುಖ ಬಿಳಿಚಿ ಬೆವರಿದ್ದರೆ ಬೇರೇನೂ ಕೇಳಬೇಕಿಲ್ಲ: 108ಕ್ಕೆ ಕರೆ. ಇವು ಕಾಣದಿದ್ದರೆ ‘ಏನೂ ಆಗಲ್ಲ’ ಎಂದು ಉತ್ತರಿಸುವ ಹಾಗಿಲ್ಲ. ತುಟಿಯ ಗಾತ್ರ ನೋಡಿ ತೀರ್ಮಾನಿಸುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಕಂದು ಚರ್ಮದಲ್ಲಿ ಗಂಧೆಯ ಕೆಂಪು ಸರಿಯಾಗಿ ಕಾಣುವುದಿಲ್ಲ, ಫೋನಿನ ಬ್ಯೂಟಿ ಮೋಡ್ ಇದ್ದರೆ ಉಬ್ಬಿನ ಅಂಚೂ ಅಳಿಸಿಹೋಗುತ್ತದೆ.

ಆದ್ದರಿಂದ ಫೋಟೋ ನೋಡಿದವರು ಕೂಡಲೇ ಫೋನ್ ಮಾಡಿ, ಬಾವು ಬಂದವರ ಕೈಗೇ ಕೊಡಿಸಬೇಕು. ಅವರಿಂದ ಒಂದು ಉದ್ದ ವಾಕ್ಯ ಹೇಳಿಸಿ. ಧ್ವನಿ ಒಡೆದಿದೆಯೇ, ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವರಂತೆ ಮಾತಾಡುತ್ತಿದ್ದಾರೆಯೇ, ನಡುವೆ ಉಸಿರಿಗೆ ನಿಲ್ಲುತ್ತಿದ್ದಾರೆಯೇ? ಗಂಟಲು ಬಿಗಿದಿದೆಯೇ, ಎದೆ ಸುಯ್‌ಗುಡುತ್ತಿದೆಯೇ, ಎದ್ದು ನಿಂತರೆ ಕಣ್ಣು ಕತ್ತಲಾಗುತ್ತದೆಯೇ, ಮತ್ತೆ ಮತ್ತೆ ವಾಂತಿ ಆಗುತ್ತಿದೆಯೇ? ಗಂಧೆ ಅಥವಾ ಬಾವಿನ ಜೊತೆ ಇವುಗಳಲ್ಲಿ ಒಂದಿದ್ದರೂ ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಕುತ್ತು ತರುವ ತೀವ್ರ ಅಲರ್ಜಿ ಎಂದೇ ಹಿಡಿದು ನಡೆಯಬೇಕು.

ಅದಕ್ಕೆ ಮೊದಲ ಮದ್ದು ಅಡ್ರಿನಾಲಿನ್, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ವಯಸ್ಕರಿಗೆ 0.5 ಮಿಲಿಗ್ರಾಂ, ಅಂದರೆ 1 ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವ ಆಂಪೂಲ್‌ನಲ್ಲಿ ಅರ್ಧ. ಇದನ್ನು ಆಸ್ಪತ್ರೆಯವರೋ ತರಬೇತಿ ಇದ್ದವರೋ ಕೊಡುತ್ತಾರೆ, ಇಳಿಯದಿದ್ದರೆ ಐದು ನಿಮಿಷ ಬಿಟ್ಟು ಮತ್ತೊಂದು. ಸೆಟಿರಿಝಿನ್ ಮಾತ್ರೆ ತುರಿಕೆಗೆ ಸರಿ, ಆದರೆ ಅದು ಹಿಡಿಯುವುದೇ ನಿಧಾನ, ಮುಚ್ಚುತ್ತಿರುವ ಗಂಟಲನ್ನೂ ಕುಸಿಯುತ್ತಿರುವ ರಕ್ತದೊತ್ತಡವನ್ನೂ ಅದು ತಡೆಯುವುದಿಲ್ಲ. ‘ಮಾತ್ರೆ ಕೊಟ್ಟಿದ್ದೇವೆ, ನೋಡೋಣ’ ಎನ್ನುವಾಗ ಕಳೆದುಹೋಗುವುದು ಆ ಹೊತ್ತೇ. ಆಂಬುಲೆನ್ಸ್ ಬರುವವರೆಗೆ ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಿ. ‘ಬಾತ್‌ರೂಮಿಗೆ ಹೋಗಿಬರ್ತೀನಿ’ ಎಂದರೂ ಎಬ್ಬಿಸಿ ನಡೆಸಬೇಡಿ, ಒತ್ತಡ ಥಟ್ಟನೆ ಕುಸಿಯಬಹುದು. ಸುಧಾರಿಸಿದ ಮೇಲೂ ಕೆಲವರಲ್ಲಿ ಗಂಟೆಗಳ ನಂತರ ಮತ್ತೆ ಮರುಕಳಿಸುತ್ತದೆ, ಹಾಗಾಗಿ ಆಸ್ಪತ್ರೆಯಲ್ಲಿ ನಿಗಾದಲ್ಲಿ ಇರಿಸಿಕೊಳ್ಳುತ್ತಾರೆ.

ಮೊದಲಿನ ಫೋಟೋಗೆ ಬರೋಣ. ಧ್ವನಿ ಸ್ವಚ್ಛ, ಉಸಿರು ಸಲೀಸು, ತಲೆಸುತ್ತಿಲ್ಲ, ನಾಲಿಗೆ ಮಾಮೂಲಿ. ಆದರೂ ಮುಕ್ಕಾಲು ಗಂಟೆಯಲ್ಲಿ ತುಟಿಗೆ ಬಂದ ಬಾವು ಎಲ್ಲಿಗೆ ನಿಲ್ಲುತ್ತದೆಂದು ಯಾರಿಗೂ ಗೊತ್ತಿಲ್ಲ. ಅವರನ್ನು ಆ ರಾತ್ರಿಯೇ, ಜೊತೆಗೊಬ್ಬರು ಇದ್ದು, ಸ್ವತಃ ಗಾಡಿ ಓಡಿಸದೆ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯುವುದೇ ಸರಿ. ದಾರಿಯಲ್ಲಿ ಧ್ವನಿ ಬದಲಾದರೆ ಅಲ್ಲಿಗೆ ಮುಂಚೆಯೇ ಫೋನ್ ಮಾಡಿ ತಿಳಿಸಬೇಕು.

ಒಂದು ಮಾತು ಬಿಟ್ಟುಹೋಗಬಾರದು. ತುಟಿ, ನಾಲಿಗೆ ಊದಿದ್ದು ಗಂಧೆಯೂ ತುರಿಕೆಯೂ ಇಲ್ಲವೇ? ಬಿಪಿಗೆ ರಾಮಿಪ್ರಿಲ್ ಅಥವಾ ಎನಾಲಾಪ್ರಿಲ್ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ. ವರ್ಷಗಟ್ಟಲೆ ನುಂಗಿದ ಮೇಲೂ ಇದು ಬರಬಹುದು. ಇಲ್ಲಿ ಬಾವಿಗೆ ಕಾರಣ ಬ್ರಾಡಿಕೈನಿನ್ ಎಂಬ ಬೇರೆ ರಾಸಾಯನಿಕ, ಹಿಸ್ಟಮಿನ್ ಅಲ್ಲ. ಅಲರ್ಜಿಯ ಮಾತ್ರೆ ನಾಟುವುದಿಲ್ಲ, ಗಂಧೆ ಇಲ್ಲವೆಂದು ಸಮಾಧಾನಪಡುವಂತೆಯೂ ಇಲ್ಲ.

ಫೋಟೋ ಮಾತ್ರ ಅಳಿಸಬೇಡಿ. ತಜ್ಞರ ಬಳಿ ಹೋಗುವಷ್ಟರಲ್ಲಿ ತುಟಿ ಮೊದಲಿನಂತೆ ಆಗಿರುತ್ತದೆ, ಗಂಧೆಯ ಗುರುತೂ ಉಳಿದಿರುವುದಿಲ್ಲ. ಫೋಟೋದ ಸಮಯ, ಮಾತ್ರೆ ನುಂಗಿದ ಸಮಯ, ಮಾತ್ರೆಯ ಸ್ಟ್ರಿಪ್‌ನ ಹಿಂಬದಿಯಲ್ಲಿ ಅಚ್ಚಾದ ಔಷಧದ ಹೆಸರು ಇವಿಷ್ಟೂ ಒಟ್ಟಿಗಿದ್ದರೆ ಅವರಿಗೆ ದಾರಿ ಸಿಗುತ್ತದೆ. ಅದುವರೆಗೆ ಡೈಕ್ಲೋಫೆನಾಕ್, ಆಸ್ಪಿರಿನ್ ಕೂಡ ಬೇಡ: ಐಬುಪ್ರೊಫೇನ್‌ಗೆ ಊದಿದವರಲ್ಲಿ ಅನೇಕರಿಗೆ ಅವುಗಳಿಂದಲೂ ಊದುತ್ತದೆ.