ಐಆರ್‌ಆರ್ ಅಂದ್ರೇನು, ಎನ್‌ಪಿವಿ ಎದುರು ಅದು ಯಾವಾಗ ದಾರಿ ತಪ್ಪಿಸುತ್ತೆ

ಡೊಂಬಿವಿಲಿಲಿ ಹೋಟೆಲ್ ನಡೆಸೋ ನಮ್ಮ ಮಾವ ಹೋದ ತಿಂಗಳು ಒಂದು ಎಕ್ಸೆಲ್ ಶೀಟ್ ಕಳಿಸಿದ್ರು. ಪಕ್ಕದ ಗಾಳಾ, ಅಂದ್ರೆ ಅಂಗಡಿ ಜಾಗ, ಮೂರು ವರ್ಷದ ಲೀವ್ ಆಂಡ್ ಲೈಸೆನ್ಸ್ ಬಾಡಿಗೆ ಕರಾರಿಗೆ ಸಿಗ್ತಿದೆ, ಅಲ್ಲಿ ಜ್ಯೂಸ್ ಕೌಂಟರ್ ಹಾಕೋದಾ ಇಲ್ಲ ಎಸಿ ಹಾಲ್ ಮಾಡೋದಾ ಅಂತ. "ನೋಡು ಮಾರಾಯ, ಜ್ಯೂಸಿಗೆ ಐಆರ್‌ಆರ್ 23 ಪರ್ಸೆಂಟ್ ಉಂಟು, ಹಾಲಿಗೆ ಬರೀ 15, ಇದ್ರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು?"

ಉಂಟು ಮಾವ.

ಮೊದ್ಲು ಈ ಐಆರ್‌ಆರ್, ಇಂಟರ್ನಲ್ ರೇಟ್ ಆಫ್ ರಿಟರ್ನ್, ಅಂದ್ರೇನು ಅಂತ ನೋಡೋಣ. ಜ್ಯೂಸ್ ಕೌಂಟರಿಗೆ 4 ಲಕ್ಷ ಹಾಕ್ಬೇಕು, ಖರ್ಚೆಲ್ಲ ಕಳೆದು ವರ್ಷಕ್ಕೆ 2 ಲಕ್ಷದ ಹಾಗೆ 3 ವರ್ಷ ಬರುತ್ತೆ. ಆ 4 ಲಕ್ಷನ ನೀವು ಕೌಂಟರಿಗೇ ಸಾಲ ಕೊಟ್ಟಿದೀರಿ ಅಂದ್ಕೊಳ್ಳಿ, ಬಡ್ಡಿ 23.4%. ಮೊದಲ ವರ್ಷ ಬಡ್ಡಿ 93,600, ಅದು ವಾಪಸ್ ಕೊಟ್ಟಿದ್ದು 2 ಲಕ್ಷ, ಬಾಕಿ 2,93,600. ಎರಡನೇ ವರ್ಷ ಅದ್ರ ಮೇಲೆ ಬಡ್ಡಿ ಸೇರಿಸಿ 2 ಲಕ್ಷ ಕಳೆದ್ರೆ ಬಾಕಿ ಸುಮಾರು 1,62,300. ಮೂರನೇ ವರ್ಷದ 2 ಲಕ್ಷ ಬಂದಾಗ ಖಾತೆ ಹೆಚ್ಚುಕಮ್ಮಿ ಸೊನ್ನೆ. ಹೀಗೆ ಸಾಲ ಸರಿಯಾಗಿ ತೀರಿಹೋಗೋ ಬಡ್ಡಿ ದರಾನೇ ಐಆರ್‌ಆರ್. ಗಮನಿಸಿ, 23.4% ಸಿಗ್ತಿರೋದು ಆಯಾ ವರ್ಷ ಒಳಗೆ ಉಳಿದಿರೋ ಬಾಕಿ ಮೇಲೆ ಮಾತ್ರ, ಪೂರ್ತಿ 4 ಲಕ್ಷ ಮೂರು ವರ್ಷ ಆ ದರದಲ್ಲಿ ಬೆಳೀತು ಅಂತಲ್ಲ. ಕೈಗೆ ವಾಪಸ್ ಬಂದ ದುಡ್ಡು ಆಮೇಲೆ ಎಲ್ಲಿ ದುಡಿಯುತ್ತೆ ಅನ್ನೋದು ಈ ನಂಬರಿಗೆ ಗೊತ್ತೇ ಇಲ್ಲ.

ಎನ್‌ಪಿವಿ, ಅಂದ್ರೆ ನೆಟ್ ಪ್ರೆಸೆಂಟ್ ವ್ಯಾಲ್ಯೂ, ಕೇಳೋದು ಬೇರೆ ಪ್ರಶ್ನೆ. ನಿಮ್ಮ ದುಡ್ಡಿಗೆ ಕನಿಷ್ಠ ಇಷ್ಟು ಬರಲೇಬೇಕು ಅಂತ ಒಂದು ದರ ಇಟ್ಕೊಳ್ಳಿ, 10% ಅನ್ನೋಣ, ಆ ದರದಲ್ಲಿ ಮುಂದೆ ಬರೋ ದುಡ್ಡನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಿ ಹಾಕಿದ ಬಂಡವಾಳ ಕಳೆದ್ರೆ ಎಷ್ಟು ರೂಪಾಯಿ ಉಳಿಯುತ್ತೆ? ಜ್ಯೂಸಿಗೆ ಸುಮಾರು 97,000. ಹಾಲಿಗೆ 20 ಲಕ್ಷ ಹಾಕ್ಬೇಕು, ವರ್ಷಕ್ಕೆ 8.8 ಲಕ್ಷ ಬರುತ್ತೆ, ಐಆರ್‌ಆರ್ 15.3%, ಆದ್ರೆ ಎನ್‌ಪಿವಿ ಸುಮಾರು 1.88 ಲಕ್ಷ. ಹತ್ತಿರ ಹತ್ತಿರ ಡಬಲ್! ಒಂದೇ ಗಾಳಾ, ಎರಡರಲ್ಲಿ ಒಂದನ್ನೇ ಮಾಡೋಕೆ ಆಗೋದು.

(ಶೀಟಲ್ಲಿ ಇನ್ನೊಂದು ತಪ್ಪೂ ಇತ್ತು, ತುಂಬ ಜನ ಮಾಡ್ತಾರೆ. ಎಕ್ಸೆಲ್‌ನ `NPV` ಮೊದಲನೇ ನಂಬರನ್ನೂ ಒಂದು ವರ್ಷ ಆಮೇಲಿಂದು ಅಂತ ತಿಳ್ಕೊಳ್ಳುತ್ತೆ, ಅದಕ್ಕೆ ಇವತ್ತಿನ ಬಂಡವಾಳನ B1ರಲ್ಲಿ ಮೈನಸ್ ಹಾಕಿ ಇಟ್ಟು, `NPV` ಹೊರಗೆ ಹೀಗೆ ಸೇರಿಸ್ಬೇಕು.)

```
=NPV(10%,B2:B4)+B1
```

ಮಾವ ಒಪ್ಪಲಿಲ್ಲ, ಪರ್ಸೆಂಟ್ ಜಾಸ್ತಿ ಇರೋದೇ ಒಳ್ಳೇದಲ್ವಾ ಅಂತ. ನಾನು ಕೇಳಿದ್ದು ಇಷ್ಟೇ, ಜ್ಯೂಸ್ ಹಾಕಿದ್ರೆ ಮಿಕ್ಕ 16 ಲಕ್ಷ ಏನ್ ಮಾಡ್ತೀರಿ? "ಎಫ್‌ಡಿಲಿ ಉಂಟಲ್ಲ, ಅಲ್ಲೇ ಇರ್ತದೆ." ಅಲ್ಲೇ ಇರೋದು ವಿಷಯ. ಜ್ಯೂಸ್ ಬಿಟ್ಟು ಹಾಲಿಗೆ ಹೋದ್ರೆ ಹೆಚ್ಚು ಹಾಕೋದು 16 ಲಕ್ಷ, ಹೆಚ್ಚು ಬರೋದು ವರ್ಷಕ್ಕೆ 6.8 ಲಕ್ಷ, ಈ ಹೆಚ್ಚುವರಿ ದುಡ್ಡಿನ ಐಆರ್‌ಆರ್ 13.2%. ಯಾವ ಎಫ್‌ಡಿ ಕೊಡುತ್ತೆ ಇಷ್ಟು? ಹಾಗಂತ ಹಾಲ್ ಯಾವಾಗ್ಲೂ ಗೆಲ್ಲುತ್ತೆ ಅಂತಲ್ಲ. ಆ ದುಡ್ಡನ್ನ ಸಾಲ ಮಾಡಿ 14% ಬಡ್ಡಿ ಕಟ್ಟೋದಾದ್ರೆ ಲೆಕ್ಕ ತಿರುಗುತ್ತೆ, 14%ಕ್ಕೆ ಜ್ಯೂಸಿನ ಎನ್‌ಪಿವಿ ಸುಮಾರು 64,000, ಹಾಲಿಂದು 43,000. ಎರಡೂ ಸಮ ಆಗೋ ಜಾಗ ಅದೇ 13.2%. ಹಾಗಾಗಿ 23 ದೊಡ್ಡದಾ 15 ದೊಡ್ಡದಾ ಅಂತ ಹೋಲಿಸೋದು ಬಿಟ್ಟು ನಿಮ್ಮ ದುಡ್ಡಿನ ದರ ಈ 13.2ರ ಯಾವ ಕಡೆ ಇದೆ ಅಂತ ನೋಡ್ಬೇಕು.

ಐಆರ್‌ಆರ್ ಪೂರ್ತಿ ಕೈಕೊಡೋ ಇನ್ನೊಂದು ಜಾಗ ಇದೆ, ಕೊನೇಲಿ ಮತ್ತೆ ದೊಡ್ಡ ಖರ್ಚು ಬರೋ ಕೆಲಸಗಳು. ಗೋವಾದಲ್ಲಿ ಒಂದು ಮುರಕಲ್ಲಿನ ಕ್ವಾರಿ ಅಂದ್ಕೊಳ್ಳಿ, ಇವತ್ತು 10 ಲಕ್ಷ ಹಾಕ್ತೀರಿ, ಒಂದು ವರ್ಷ ಆದ್ಮೇಲೆ 23 ಲಕ್ಷ ಬರುತ್ತೆ, ಎರಡನೇ ವರ್ಷ ಗುಂಡಿ ಮುಚ್ಚಿ ಜಾಗ ಸರಿ ಮಾಡೋಕೆ 13.2 ಲಕ್ಷ ಹೋಗುತ್ತೆ. ಎಕ್ಸೆಲ್‌ನಲ್ಲಿ A1ರಿಂದ A3ರವರೆಗೆ -10, 23, -13.2 ಅಂತ ಹಾಕಿ ನೋಡಿ:

```
=IRR(A1:A3)
=IRR(A1:A3,0.3)
```

ಮೊದಲನೇದು 10% ಅನ್ನುತ್ತೆ, ಎರಡನೇದು 20%. ಎರಡೂ ಸರಿ, ಯಾಕಂದ್ರೆ ಮೈನಸ್, ಪ್ಲಸ್, ಮತ್ತೆ ಮೈನಸ್ ಅಂತ ಚಿಹ್ನೆ ಎರಡು ಸಲ ಬದಲಾದ್ರೆ ಎರಡು ಉತ್ತರ ಇರಬಹುದು, ಎಕ್ಸೆಲ್ ನೀವು ಕೊಟ್ಟ ಊಹೆಯಿಂದ ಶುರು ಮಾಡಿ ಸಿಕ್ಕಿದ್ದನ್ನ ತೋರಿಸುತ್ತೆ, ಊಹೆ ಕೊಡದಿದ್ರೆ 10%ರಿಂದ ಶುರು ಮಾಡುತ್ತೆ. ಇನ್ನೂ ತಮಾಷೆ ಅಂದ್ರೆ ನಿಮ್ಮ ದುಡ್ಡಿನ ದರ 5% ಇದ್ರೆ ಈ ಕ್ವಾರಿ ಲಾಸು, ಸುಮಾರು 6,800 ರೂಪಾಯಿ. 15% ಇದ್ರೆ 1,900ರಷ್ಟು ಲಾಭ, ಕಾರಣ ಕೊನೇ ಖರ್ಚು ಇವತ್ತಿನ ಬೆಲೇಲಿ ಸಣ್ಣದಾಗುತ್ತೆ. 25%ಕ್ಕೆ ಹೋದ್ರೆ ಮತ್ತೆ ಲಾಸು. ಐಆರ್‌ಆರ್ ಒಂದೇ ನೋಡಿದೋರಿಗೆ ಇದ್ಯಾವುದೂ ಕಾಣಲ್ಲ. ಅದಕ್ಕೆ ನಂಬರ್‌ಗಳ ಸಾಲಿನಲ್ಲಿ ಚಿಹ್ನೆ ಎಷ್ಟು ಸಲ ಬದಲಾಗುತ್ತೆ ಅಂತ ಮೊದ್ಲು ಎಣಿಸಿ, ಎರಡನೇ ಸಲ ಬದಲಾಗಿದ್ರೆ ನಾಲ್ಕೈದು ಬೇರೆ ಬೇರೆ ದರಕ್ಕೆ ಎನ್‌ಪಿವಿ ಹಾಕಿ ನೋಡಿ. ಮಾವನ ಗಾಳಾ ಅಗ್ರಿಮೆಂಟಲ್ಲೂ ಬಿಡುವಾಗ ಮೊದಲಿದ್ದ ಹಾಗೆ ಮಾಡಿ ಕೊಡಬೇಕು ಅಂತ ಒಂದು ಸಾಲಿದೆ, ಆ ಖರ್ಚು ಶೀಟಲ್ಲಿ ಇನ್ನೂ ಬಂದಿಲ್ಲ.