ರಿಸ್ಟೋರ್ ಬೆನಿಫಿಟ್: ಖಾಲಿಯಾದ ವಿಮಾ ಮೊತ್ತ ಮತ್ತೆ ತುಂಬುವುದು ಯಾವಾಗ, ತುಂಬದಿರುವುದು ಯಾವಾಗ

ಹೆಲ್ತ್ ಇನ್ಶೂರೆನ್ಸ್ ಓದುವಾಗ ನಾನು ಮೊದಲು ತಪ್ಪು ತಿಳಿದುಕೊಂಡಿದ್ದು ಇದನ್ನೇ. 5 ಲಕ್ಷದ ಪಾಲಿಸಿಗೆ 5 ಲಕ್ಷ ರಿಸ್ಟೋರ್ ಇದ್ದರೆ ಒಟ್ಟು 10 ಲಕ್ಷ ಕವರ್ ಅಂತ ಅಂದುಕೊಂಡಿದ್ದೆ. ಹಾಗಲ್ಲ. ರಿಸ್ಟೋರ್ ಅಂದರೆ ಖರ್ಚಾದ ವಿಮಾ ಮೊತ್ತವನ್ನು ಅದೇ ವರ್ಷದ ಮುಂದಿನ ಕ್ಲೇಮ್‌ಗೆ ಮತ್ತೆ ತುಂಬಿಕೊಡುವುದು. ಕೆಲವು ಪಾಲಿಸಿಗಳಲ್ಲಿ ಇದನ್ನೇ ರೀಫಿಲ್, ರೀಚಾರ್ಜ್ ಅಂತಲೂ ಕರೆಯುತ್ತಾರೆ.

ಒಂದು ಲೆಕ್ಕ ಹಾಕೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಎಲ್ಲರಿಗೂ ಸೇರಿ 5 ಲಕ್ಷದ ಫ್ಲೋಟರ್ ಪಾಲಿಸಿ, ಕ್ಲೇಮ್ ಮಾಡದ ವರ್ಷಗಳಿಗೆ ಸೇರುವ ಬೋನಸ್ ಮೊತ್ತ ಏನೂ ಇಲ್ಲ. ಜೂನ್‌ನಲ್ಲಿ ಗಂಡನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದರು, ಬಿಲ್ 5.6 ಲಕ್ಷ. ಕಂಪನಿ 5 ಲಕ್ಷ ಕೊಡುತ್ತದೆ, ಉಳಿದ 60,000 ಕೈಯಿಂದಲೇ ಕಟ್ಟಬೇಕು. ರಿಸ್ಟೋರ್ ಇದೆಯಲ್ಲ, ಅದರಿಂದ ಕೊಡಿ ಅಂದರೆ ಸಾಮಾನ್ಯವಾಗಿ ಆಗುವುದಿಲ್ಲ, ಯಾಕಂದರೆ ಅದು ಮುಂದಿನ ಕ್ಲೇಮ್‌ಗೆ ಮಾತ್ರ, ಮೊತ್ತ ಖಾಲಿ ಮಾಡಿದ ಅದೇ ಬಿಲ್‌ಗೆ ಅಲ್ಲ. ಸೆಪ್ಟೆಂಬರ್‌ನಲ್ಲಿ ಹೆಂಡತಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯ್ತು, ಇಂಥ ಆಪರೇಷನ್‌ಗೆ ಕವರ್ ಸಿಗಲು ಕಾಯಬೇಕಾದ ವೇಟಿಂಗ್ ಪೀರಿಯಡ್ ಮುಗಿದಿತ್ತು, ಬಿಲ್ 1.2 ಲಕ್ಷ. ಇದು ಪೂರ್ತಿ ರಿಸ್ಟೋರ್ ಆದ ಮೊತ್ತದಿಂದ ಬರುತ್ತದೆ.

ಈಗ ಜೂನ್‌ನ ಬಿಲ್ 4.2 ಲಕ್ಷ ಅಂತಿಟ್ಟುಕೊಳ್ಳಿ. 80,000 ಉಳಿದಿದೆ. ಮೊತ್ತ ಪೂರ್ತಿ ಖಾಲಿಯಾದ ಮೇಲೆ ಮಾತ್ರ ರಿಸ್ಟೋರ್ ಅನ್ನುವ ಪಾಲಿಸಿಯಾದರೆ ಹೆಂಡತಿಯ ಬಿಲ್‌ಗೆ ಆ 80,000 ಅಷ್ಟೇ ಸಿಕ್ಕಿ 40,000 ಕೈಯಿಂದ ಹೋಗಬಹುದು. ಸ್ವಲ್ಪ ಖರ್ಚಾದರೂ ತುಂಬುವ ಪಾಲಿಸಿಯಾದರೆ ಪೂರ್ತಿ 1.2 ಲಕ್ಷ ಬರುತ್ತದೆ. ಪಾಲಿಸಿಯ ಷರತ್ತಿನ ಒಂದೇ ಸಾಲಿನಲ್ಲಿ ಇಷ್ಟು ವ್ಯತ್ಯಾಸ!

ಅದೇ ಗಂಡನಿಗೆ ಮತ್ತೆ ಎದೆನೋವು ಬಂದರೆ? ಇಲ್ಲೇ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು. ಹಲವು ಪಾಲಿಸಿಗಳಲ್ಲಿ, ಒಮ್ಮೆ ಕ್ಲೇಮ್ ಮಾಡಿದವರಿಗೆ ಅದೇ ಕಾಯಿಲೆ ಅಥವಾ ಅದಕ್ಕೆ ಸಂಬಂಧಪಟ್ಟ ಕಾಯಿಲೆ ಬಂದರೆ ಆ ವರ್ಷ ರಿಸ್ಟೋರ್ ಸಿಗುವುದಿಲ್ಲ. ಈಚಿನ ಕೆಲವು ಪಾಲಿಸಿಗಳು ಕೊಡುತ್ತವೆ. ಆದರೂ ‘ಎನಿ ಒನ್ ಇಲ್‌ನೆಸ್’ ಅನ್ನುವ ವ್ಯಾಖ್ಯೆ ನೋಡಲೇಬೇಕು: ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲಿ ಕೊನೆಯ ಸಲ ಡಾಕ್ಟರಿಗೆ ತೋರಿಸಿದ ದಿನದಿಂದ 45 ದಿನದೊಳಗೆ ಕಾಯಿಲೆ ಮರುಕಳಿಸಿದರೆ ಅದು ಒಂದೇ ಕಾಯಿಲೆ. ಜೂನ್ 20ಕ್ಕೆ ತೋರಿಸಿ ಜುಲೈ 25ಕ್ಕೆ ಅದೇ ತೊಂದರೆಗೆ ಮತ್ತೆ ಅಡ್ಮಿಟ್ ಆದರೆ ಹಳೆಯ ಕ್ಲೇಮ್‌ನ ಮುಂದುವರಿಕೆ ಅಂತಲೇ ನೋಡಬಹುದು, ಆಗ ರಿಸ್ಟೋರ್ ಕೈಕೊಡುತ್ತದೆ. ಡಿಸ್ಚಾರ್ಜ್ ದಿನದಿಂದ ಎಣಿಸಬೇಡಿ, ಫಾಲೋಅಪ್ ಚೀಟಿಯ ತಾರೀಖು ನೋಡಿ.

ವರ್ಷಕ್ಕೆ ಒಂದೇ ಸಲವೋ ಎಷ್ಟು ಸಲ ಬೇಕಾದರೂ ತುಂಬುತ್ತದೋ ಅನ್ನುವುದೂ ಷರತ್ತಿನಲ್ಲೇ ಇರುತ್ತದೆ. ಬಳಸದೆ ಉಳಿದ ರಿಸ್ಟೋರ್ ಮೊತ್ತ ಮುಂದಿನ ವರ್ಷಕ್ಕೆ ಬರುವುದಿಲ್ಲ. ಬೋನಸ್ ಇದ್ದರೆ ಸಾಮಾನ್ಯವಾಗಿ ಮೊದಲು ಮೂಲ ಮೊತ್ತ, ಆಮೇಲೆ ಬೋನಸ್, ಕೊನೆಗೆ ರಿಸ್ಟೋರ್.

ಹಾಗಾದರೆ ಆ 60,000ಕ್ಕೆ ಏನು ದಾರಿ? ಒಂದೇ ದೊಡ್ಡ ಬಿಲ್ಲಿನ ಭಯ ಇರುವವರಿಗೆ ಮೂಲ ಮೊತ್ತವನ್ನೇ ಜಾಸ್ತಿ ಇಡಬೇಕು, ಇಲ್ಲವೇ 5 ಲಕ್ಷದ ಡಿಡಕ್ಟಿಬಲ್ ಇರುವ ಸೂಪರ್ ಟಾಪ್-ಅಪ್, ಅಂದರೆ ವರ್ಷದ ಬಿಲ್‌ಗಳೆಲ್ಲ ಸೇರಿ 5 ಲಕ್ಷ ದಾಟಿದ ಮೇಲಿನದನ್ನು ಕೊಡುವ ಇನ್ನೊಂದು ಪಾಲಿಸಿ ತೆಗೆದುಕೊಳ್ಳಬೇಕು. ಜೂನ್‌ನ ಬಿಲ್ 5 ಲಕ್ಷ ದಾಟಿದ ಕೂಡಲೇ ಅದು ಕೆಲಸಕ್ಕೆ ಬರುತ್ತಿತ್ತು.