ಗೇಮಿಂಗಿಗೆ ಟ್ಯಾಬ್ ಸಾಕಾ? ಮಂಡೆಬಿಸಿ ಯಾರಿಗೆ ಕಮ್ಮಿ ನೋಡುವ

ತಂಗಿಯ ಮಗ ಪ್ಲಸ್ ಟು ಪರೀಕ್ಷೆ ಮುಗ್ಸಿ ರಜೆಯಲ್ಲಿ ಕೂತಿದ್ದ. ವಿಷುವಿಗೆ ಸಿಕ್ಕಿದ ದುಡ್ಡು, ಅಪ್ಪ ಕೊಡ್ತೇನೆ ಅಂದದ್ದು ಎಲ್ಲ ಸೇರಿ 25 ಸಾವಿರ ಆಗಿತ್ತು, "ಮಾವ, ಗೇಮಿಂಗಿಗೆ ಫೋನ್ ತೆಗಿಯುದಾ, ಟ್ಯಾಬಾ, ಇಲ್ಲ ಸ್ವಲ್ಪ ಸಾಲ ಮಾಡಿ ಲ್ಯಾಪ್‌ಟಾಪಾ" ಅಂತ ಕೇಳಿದ. ಅವನು ಆಡುದು ಬಿಜಿಎಂಐ ಅನ್ನುವ ಫೋನಿನ ಗುಂಡು ಹೊಡೆಯುವ ಆಟ, ಅದೂ ಸುಮ್ಮನೆ ಟೈಂಪಾಸಿಗಲ್ಲ, ನಾಲ್ಕು ಜನರ ಸ್ಕ್ವಾಡ್ ಕಟ್ಟಿಕೊಂಡು ದಿನಕ್ಕೆ ಎರಡು ಗಂಟೆ. ನಾನು ಚಿಪ್ಪಿನ ಹೆಸರು, ರ‍್ಯಾಮ್ ಎಷ್ಟು ಅಂತೆಲ್ಲ ಆಮೇಲೆ ನೋಡುವ, ಮೊದಲು ನಿನ್ನ ಈಗಿನ ಫೋನ್ ಕೊಡು ಅಂದೆ. ಅವನ ದೊಡ್ಡಪ್ಪನ ಮನೆಯಲ್ಲಿ ಒಂದು 11 ಇಂಚಿನ ಟ್ಯಾಬ್ ಇತ್ತು, ನೋಡಿದ್ರೆ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಜಾತಿಯ ಮಧ್ಯಮ ದರ್ಜೆಯ ಚಿಪ್ಪು. ಹೋಲಿಸ್ಲಿಕ್ಕೆ ಇದಕ್ಕಿಂತ ಒಳ್ಳೆ ಜೋಡಿ ಬೇಕಾ?

ನೀರ್ಚಾಲಿನ ಮನೆಯ ಉಪ್ಪರಿಗೆ, ಏಪ್ರಿಲ್ ತಿಂಗಳ ಮಧ್ಯಾಹ್ನ, ರೂಮಿನಲ್ಲಿ 32 ಡಿಗ್ರಿ. ಒಂದೇ ಸೆಟ್ಟಿಂಗ್ ಇಟ್ಟು ಎರಡರಲ್ಲೂ ಅರ್ಧ ಗಂಟೆ ಆಡಿಸಿದೆ. ಫೋನಿನಲ್ಲಿ ಶುರುವಿಗೆ ಗಟ್ಟಿ 60 ಎಫ್‌ಪಿಎಸ್, ಅಂದ್ರೆ ಸೆಕೆಂಡಿಗೆ 60 ಚಿತ್ರ. ಎಂಟನೇ ನಿಮಿಷದ ಹೊತ್ತಿಗೆ 50ರ ಆಸುಪಾಸು, ಅರ್ಧ ಗಂಟೆ ಆಗುವಾಗ 40ಕ್ಕೆ ಬಂದು ಕೂತ್ಕೊಂಡಿತು, ಹೊಡೆದಾಟದ ಜಾಗದಲ್ಲಿ ಅದಕ್ಕಿಂತಲೂ ಕೆಳಗೆ. ಟ್ಯಾಬ್ ಕೊನೆಯವರೆಗೂ 60ರ ಹತ್ತಿರವೇ ಇತ್ತು. ಚಿಪ್ಪು ಒಂದೇ, ಆಟ ಒಂದೇ, ಹಾಗಾದ್ರೆ ವ್ಯತ್ಯಾಸ ಎಲ್ಲಿಂದ ಬಂತು?

ಬಂದದ್ದು ಮೈ ಅಗಲದಿಂದ. ಬಿಸಿ ಗಂಜಿಯನ್ನು ಪಾತ್ರೆಯಲ್ಲೇ ಇಟ್ರೆ ಅದು ತಣಿಯುವಾಗ ಹಸಿವೇ ಹೋಗಿರ್ತದೆ, ಬಟ್ಟಲಿಗೆ ಹರಗಿ ಹಾಕಿದ್ರೆ ಎರಡು ನಿಮಿಷದಲ್ಲಿ ಉಣ್ಬಹುದು. ಫೋನಿಗೂ ಟ್ಯಾಬಿಗೂ ಫ್ಯಾನ್ ಇಲ್ಲ, ಒಳಗೆ ಹುಟ್ಟಿದ ಬಿಸಿ ಎಲ್ಲ ಮೈಯಿಂದಲೇ ಗಾಳಿಗೆ ಹೋಗ್ಬೇಕು. ಎಷ್ಟು ಹೋಗ್ತದೆ ಅನ್ನುದಕ್ಕೆ ಸುಲಭದ ಲೆಕ್ಕ ಉಂಟು: ನಿಂತ ಗಾಳಿಯಲ್ಲಿ ಒಂದು ಚದರ ಮೀಟರ್ ಮೈಯಿಂದ, ಗಾಳಿಗಿಂತ ಎಷ್ಟು ಡಿಗ್ರಿ ಬಿಸಿ ಇದೆಯೋ ಪ್ರತಿ ಡಿಗ್ರಿಗೆ ಸುಮಾರು 10 ವಾಟ್. ಇದು ಅಂದಾಜು, ಆದ್ರೆ ಒಳ್ಳೆ ಅಂದಾಜು.

ಫೋನ್ ಸುಮಾರು 16 ಸೆಂಟಿಮೀಟರ್ ಉದ್ದ, ಏಳೂವರೆ ಅಗಲ, ಎದುರು ಹಿಂದು ಎರಡೂ ಸೇರಿ ಹತ್ತಿರ ಹತ್ತಿರ 250 ಚದರ ಸೆಂಟಿಮೀಟರ್. ಟ್ಯಾಬ್ 25ಕ್ಕೆ 16, ಎರಡೂ ಬದಿ ಸೇರಿ 800. ಮೈ 42 ಡಿಗ್ರಿ ದಾಟಿದ್ರೆ ಹಿಡ್ಕೊಳ್ಳಿಕ್ಕೆ ಕಷ್ಟ, ಆದ್ದರಿಂದ ಫೋನಿನ ಸಾಫ್ಟ್‌ವೇರ್ ಆ ಆಸುಪಾಸಿನಲ್ಲೇ ಕಡಿವಾಣ ಹಾಕ್ತದೆ ಅಂತ ಇಟ್ಕೊಳ್ಳಿ. ರೂಮು 32, ಮೈ 42, ವ್ಯತ್ಯಾಸ 10 ಡಿಗ್ರಿ. ಫೋನಿನ ಮೈಯಿಂದ ಹೋಗುದು ಬರೀ ಎರಡೂವರೆ ವಾಟ್. ಟ್ಯಾಬಿನಿಂದ 8 ವಾಟ್.

ಈಗ ಖರ್ಚು ನೋಡುವ. ಇಂಥ ಚಿಪ್ಪು ಆಟದ ಭರಾಟೆಯಲ್ಲಿ ನಾಲ್ಕೂವರೆ ವಾಟ್ ತಿಂತದೆ ಅಂತ ಹಿಡಿವ, ಫೋನಿನ ಸ್ಕ್ರೀನಿಗೆ ಇನ್ನೊಂದು ವಾಟ್. ಒಟ್ಟು ಐದೂವರೆ ಹುಟ್ತದೆ, ಹೊರಗೆ ಹೋಗುದು ಎರಡೂವರೆ. ಉಳಿದದ್ದು ಮೈಯಲ್ಲೇ ಸೇರ್ತಾ ಹೋಗ್ತದೆ. 200 ಗ್ರಾಮಿನ ಫೋನನ್ನು ಒಂದು ಡಿಗ್ರಿ ಬಿಸಿ ಮಾಡ್ಲಿಕ್ಕೆ ಸುಮಾರು 180 ಜೂಲ್ ಬೇಕು, 32ರಿಂದ 42ಕ್ಕೆ ಹತ್ತಿಸ್ಲಿಕ್ಕೆ 1800 ಜೂಲ್. ಶುರುವಿನಲ್ಲಿ ಫೋನ್ ತಣ್ಣಗಿದ್ದು ಹೊರಗೆ ಬಿಡುದೂ ಕಮ್ಮಿ ಆದ್ದರಿಂದ ಸರಾಸರಿ 4 ವಾಟ್ ಒಳಗೆ ಸೇರ್ತದೆ, ಸೆಕೆಂಡಿಗೆ 4 ಜೂಲಿನ ಹಾಗೆ 450 ಸೆಕೆಂಡ್, ಅಂದ್ರೆ ಏಳೂವರೆ ನಿಮಿಷ. ನಮ್ಮ ಫೋನ್ ಎಂಟನೇ ನಿಮಿಷಕ್ಕೆ ಎಳಿಲಿಕ್ಕೆ ಶುರು ಮಾಡಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಅಂಗಡಿಯಲ್ಲಿ ಎಸಿ ಹಾಕಿ ಐದು ನಿಮಿಷ ಆಡಿಸಿ ತೋರಿಸುವಾಗ ಎಲ್ಲ ಫೋನೂ ಬೆಣ್ಣೆಯ ಹಾಗೆ ಓಡುದೂ ಇದಕ್ಕೇ. ಅದೇ 24 ಡಿಗ್ರಿ ರೂಮಿನಲ್ಲಾದ್ರೆ ಫೋನಿನಿಂದ ನಾಲ್ಕೂವರೆ ವಾಟ್ ಹೋಗ್ತದೆ, ಅಲ್ಲಿ ಅರ್ಧ ಗಂಟೆ ಆಡಿದ್ರೂ ಅಷ್ಟು ಬೀಳುದಿಲ್ಲ. ಹಾಗಾಗಿ ಬೆಂಗಳೂರಲ್ಲಿ ಕೂತು ಮಾಡಿದ ರಿವ್ಯೂ ವಿಡಿಯೋ ನೋಡಿ ಇಲ್ಲಿ ಕುಂಬ್ಳೆಯಲ್ಲಿ ಫೋನ್ ತೆಗಿಯುವಾಗ ಸ್ವಲ್ಪ ಯೋಚಿಸಿ ಮಾರಾಯ್ರೆ.

ಒಂದು ಮಾತು, ಸೆಕೆ ನಮಗೆ, ಫೋನಿಗಲ್ಲ. ನಮಗೆ ಬೆವರು ಆರದೆ ಒದ್ದಾಟ, ಫೋನ್ ಬೆವರುದಿಲ್ಲ, ಅದಕ್ಕೆ ಗಾಳಿಯ ಉಷ್ಣತೆ ಮಾತ್ರ ಲೆಕ್ಕ. ಆದ್ರೆ ಬಿಸಿಯಾಯ್ತು ಅಂತ ಫ್ರಿಡ್ಜಿನಲ್ಲಿ ಇಟ್ಟು ತೆಗೆದ್ರೆ ನಮ್ಮ ಕರಾವಳಿಯ ತೇವದ ಗಾಳಿಗೆ ತಣ್ಣಗಿನ ಮೈಮೇಲೂ ಒಳಗೂ ನೀರು ಕಟ್ತದೆ, ಅದು ಮಾತ್ರ ಬೇಡ. ಟೇಬಲ್ ಫ್ಯಾನಿನ ಗಾಳಿ ನೇರ ಹಿಂಬದಿಗೆ ತಾಗುವ ಹಾಗೆ ಕೂತ್ರೆ ಬಿಸಿ ಎರಡು ಪಟ್ಟು ಬೇಗ ಹೋಗ್ತದೆ, ಖರ್ಚಿಲ್ಲದ ಮದ್ದು.

ಇನ್ನು 60 ಎಫ್‌ಪಿಎಸ್ 40ಕ್ಕೇ ಯಾಕೆ ನಿಂತಿತು, 20ಕ್ಕೆ ಯಾಕೆ ಬೀಳ್ಲಿಲ್ಲ? ಎರಡೂವರೆ ವಾಟಿನಲ್ಲಿ ಸ್ಕ್ರೀನಿನ ಒಂದು ಕಳೆದ್ರೆ ಚಿಪ್ಪಿಗೆ ಉಳಿಯುದು ಒಂದೂವರೆ, ಮೊದಲಿನ ಮೂರರಲ್ಲಿ ಒಂದು ಪಾಲು. ಆದ್ರೆ ಚಿಪ್ಪಿನ ವೇಗ ಇಳಿಸುವಾಗ ವೋಲ್ಟೇಜನ್ನೂ ಇಳಿಸ್ಬಹುದು, ಖರ್ಚು ವೇಗದ ಜೊತೆ ಒಂದು ಸಲ, ವೋಲ್ಟೇಜಿನ ಜೊತೆ ಎರಡು ಸಲ ಇಳಿತದೆ. ವೋಲ್ಟೇಜೂ ವೇಗದಷ್ಟೇ ಇಳಿತದೆ ಅಂತ ಹಿಡಿದ್ರೆ ಖರ್ಚು ಮೂರನೇ ಒಂದಕ್ಕೆ ಬಂದಾಗ ವೇಗ ಸುಮಾರು ಮೂರರಲ್ಲಿ ಎರಡು ಪಾಲು ಉಳಿತದೆ. 60ರ ಮೂರರಲ್ಲಿ ಎರಡು, 40. ನಾನು ಕಾಗದದಲ್ಲಿ ಬರ್ದದ್ದೂ ಸ್ಕ್ರೀನಿನಲ್ಲಿ ಕಂಡದ್ದೂ ಇಷ್ಟು ಸರಿಯಾಗಿ ಕೂಡಿ ಬಂದದ್ದು ನೋಡಿ ನನಗೇ ಆಶ್ಚರ್ಯ ಆಯ್ತು, ಯಾವಾಗಲೂ ಹೀಗೆ ಬರ್ತದೆ ಅಂತಲ್ಲ.

ಟ್ಯಾಬಿನ ಲೆಕ್ಕವೂ ತುಂಬಾ ಸಲೀಸು ಅಂತ ತಿಳ್ಕೊಳ್ಬೇಡಿ. ದೊಡ್ಡ ಸ್ಕ್ರೀನು ಬ್ರೈಟ್‌ನೆಸ್ ಜಾಸ್ತಿ ಇಟ್ರೆ ತಾನೇ 3 ವಾಟ್ ನುಂಗ್ತದೆ. ಚಿಪ್ಪಿನ ನಾಲ್ಕೂವರೆ ಸೇರಿ ಏಳೂವರೆ, ಹೊರಗೆ ಹೋಗುದು 8, ಅಂದ್ರೆ ಅಂಚಿನಲ್ಲಿ ಪಾರು. ಚಾರ್ಜಿಗೆ ಹಾಕಿಕೊಂಡು ಆಡಿದ್ರೆ ಬ್ಯಾಟರಿ ಬಿಸಿಯೂ ಸೇರಿ ಈ ಅಂಚು ದಾಟ್ತದೆ. ಮತ್ತೆ ಬಿಸಿ ಇಡೀ ಬೆನ್ನಿಗೆ ಸಮನಾಗಿ ಹರಡಿದ್ರೆ ಮಾತ್ರ ಈ ಲೆಕ್ಕ. ಚಿಪ್ಪು ಒಂದು ಮೂಲೆಯಲ್ಲಿದ್ದು ಹಿಂಬದಿ ಬರೀ ಪ್ಲಾಸ್ಟಿಕ್ ಆದ್ರೆ ಆ ಮೂಲೆ ಕಾವಲಿ, ಉಳಿದದ್ದು ತಣ್ಣಗೆ. ಅಲ್ಯೂಮಿನಿಯಂ ಬೆನ್ನಿನದ್ದು ಇದರಲ್ಲಿ ವಾಸಿ. ಇನ್ನೊಂದು, ಒಂದೇ ದುಡ್ಡಿಗೆ ಟ್ಯಾಬಿನಲ್ಲಿ ಹಾಕುದು ಎಷ್ಟೋ ಸಲ ಫೋನಿಗಿಂತ ಹಳೆಯ ಚಿಪ್ಪು, ಯಾಕಂದ್ರೆ ದುಡ್ಡು ಸ್ಕ್ರೀನಿಗೂ ಬ್ಯಾಟರಿಗೂ ಹೋಗಿರ್ತದೆ. ಡಬ್ಬದ ಮೇಲೆ 120 ಹರ್ಟ್ಸ್ ಅಂತ ಇದ್ರೆ ಸೆಕೆಂಡಿಗೆ 120 ಚಿತ್ರ ತೋರಿಸುವ ತಾಕತ್ತು ಸ್ಕ್ರೀನಿಗೆ ಉಂಟು ಅಂತ ಅಷ್ಟೇ, ಆ ಮಾಡೆಲಿಗೆ ಆಟದೊಳಗೆ 90 ಎಫ್‌ಪಿಎಸ್‌ನ ಆಪ್ಶನ್ ಬರ್ತದಾ ಅಂತ ತೆಗಿಯುವ ಮೊದಲೇ ಯಾರಾದ್ರೂ ಬಳಸುವವರ ಹತ್ರ ಕೇಳಿ.

ನಿಮ್ಮದು ಬಿಸಿಗೆ ಎಳೀತದಾ ಇಲ್ಲ ನೆಟ್‌ವರ್ಕಿನ ಲಟಾರಿಯಾ ಅಂತ ತಿಳಿಯುದು ಹೇಗೆ? ಹುಡುಗರು ಎರಡಕ್ಕೂ ಲ್ಯಾಗ್ ಅಂತಾರೆ, ಎರಡೂ ಬೇರೆ. ನೆಟ್ ಸರಿ ಇಲ್ಲದಿದ್ರೆ ಕ್ಯಾಮರಾ ತಿರುಗಿಸುವಾಗ ಚಿತ್ರ ನುಣ್ಣಗೇ ತಿರುಗ್ತದೆ, ಎದುರಾಳಿ ಮಾತ್ರ ಒಂದು ಕಡೆ ಮಾಯ ಆಗಿ ಇನ್ನೊಂದು ಕಡೆ ಏಳ್ತಾನೆ. ಬಿಸಿಯಾದ್ರೆ ಕ್ಯಾಮರಾ ತಿರುಗಿಸಿದ್ರೇ ಕುಂಟ್ತದೆ, ಪಿಂಗ್, ಅಂದ್ರೆ ಸರ್ವರಿಗೆ ಹೋಗಿ ಬರುವ ಹೊತ್ತು, ಚೆನ್ನಾಗಿದ್ರೂ. ಇನ್ನೂ ಖಾತ್ರಿ ಬೇಕಾದ್ರೆ ಸೆಟ್ಟಿಂಗಿನಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿ ಡೆವಲಪರ್ ಆಪ್ಶನ್ ತೆರೆದು ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಯಾವ್ದಾದ್ರೂ ಕಂಪ್ಯೂಟರಿಗೆ ಸಿಕ್ಕಿಸಿ, ಅದರಲ್ಲಿ ಫೋನಿಗೆ ಆಜ್ಞೆ ಕಳಿಸುವ adb ಅನ್ನುವ ಸಣ್ಣ ಸಾಫ್ಟ್‌ವೇರ್ ಹಾಕಿ ಇದನ್ನು ಟೈಪ್ ಮಾಡಿದ್ರೆ ಆಯ್ತು:

```
adb shell dumpsys battery
adb shell dumpsys thermalservice
```

ಮೊದಲಿನದ್ದರಲ್ಲಿ `temperature: 423` ಅಂತ ಬಂದ್ರೆ ಬ್ಯಾಟರಿ 42.3 ಡಿಗ್ರಿ ಅಂತ ಅರ್ಥ. ಎರಡನೆಯದ್ದರಲ್ಲಿ `Thermal Status` ಸೊನ್ನೆ ಇದ್ರೆ ಕಡಿವಾಣ ಇಲ್ಲ, ಅಂಕಿ ಏರಿದಷ್ಟೂ ಬಿಗಿ ಜಾಸ್ತಿ. ಟ್ಯಾಬಿನಲ್ಲಿ ಬ್ಯಾಟರಿ ಚಿಪ್ಪಿನಿಂದ ದೂರ ಇರ್ತದೆ, ಆದ್ದರಿಂದ ಬರೀ ಬ್ಯಾಟರಿಯ ಅಂಕಿ ನೋಡಿ ನಂಬ್ಬೇಡಿ, ಎರಡನೆಯದ್ದನ್ನೂ ನೋಡಿ.

ಬಿಸಿಯ ವಿಷಯದಲ್ಲಿ ಟ್ಯಾಬ್ ಗೆದ್ರೂ ಕೈಯ ವಿಷಯದಲ್ಲಿ ಹಾಗಲ್ಲ. ಅರ್ಧ ಕಿಲೋ ಭಾರವನ್ನು ಗಾಳಿಯಲ್ಲಿ ಹಿಡಿದು ನಾಲ್ಕು ಬೆರಳಲ್ಲಿ ಆಡುದು ಹತ್ತು ನಿಮಿಷಕ್ಕೇ ಸಾಕಾಗ್ತದೆ, ಮಡಿಲಲ್ಲಿ ದಿಂಬು ಇಟ್ಟೋ ಟೇಬಲ್ ಮೇಲೆ ಇಟ್ಟೋ ಆಡ್ಬೇಕು, ಟೇಬಲ್ ಮೇಲೆ ಇಟ್ರೆ ಟ್ಯಾಬ್ ಓಲಾಡಿಸಿ ಗುರಿ ಹಿಡಿಯುವ ಜೈರೋ ಹೋಯ್ತು. ಬಟನ್ನುಗಳನ್ನು ಮೂಲೆಗೆ ಎಳೆದು ಹೊಸದಾಗಿ ಜೋಡಿಸಿ ಅಭ್ಯಾಸ ಆಗ್ಲಿಕ್ಕೆ ಎರಡು ವಾರ ಹೋಗ್ತದೆ. ಟೂರ್ನಮೆಂಟಿನ ಆಸೆ ಇದ್ರೆ ಮೊದಲು ನಿಯಮ ಓದಿ, ಟ್ಯಾಬಿಗೆ ಒಪ್ಪದೆ ಫೋನ್ ಮಾತ್ರ ಅನ್ನುವ ಕಡೆಗಳು ಉಂಟು.

ಲ್ಯಾಪ್‌ಟಾಪ್? ಅದರಲ್ಲಿ ಫ್ಯಾನ್ ಉಂಟು, 15 ವಾಟಿನ ಚಿಪ್ಪನ್ನೂ ಗಂಟೆಗಟ್ಲೆ ತಣ್ಣಗಿಡ್ತದೆ, ಬಿಸಿಯ ಲೆಕ್ಕದಲ್ಲಿ ಇವೆರಡಕ್ಕೂ ಅದರ ಹತ್ರ ಸುಳಿಲಿಕ್ಕಾಗುದಿಲ್ಲ. ಆದ್ರೆ ಬಿಜಿಎಂಐ ಆಡುವವನಿಗೆ ಅದು ಬೇರೆಯೇ ಊರು, ಫೋನಿನ ಆಟವನ್ನು ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರನ್ನು ಆ ಆಟ ಒಪ್ಪುದಿಲ್ಲ. ವ್ಯಾಲರಂಟ್ ಥರದ್ದು ಆಡ್ತೇನೆ ಅಂದ್ರೆ ಲ್ಯಾಪ್‌ಟಾಪೇ ಬೇಕು, ಇಂಟೆಲ್ ಎಚ್‌ಡಿ 4000 ಅನ್ನುವ ಮುದಿ ಗ್ರಾಫಿಕ್ಸಿನಲ್ಲೂ 30 ಎಫ್‌ಪಿಎಸ್ ಬರ್ತದೆ ಅಂತ ಅವರ ಕನಿಷ್ಠ ಪಟ್ಟಿಯಲ್ಲೇ ಉಂಟು. ಅಗ್ಗದ ಲ್ಯಾಪ್‌ಟಾಪಿನ ನಿಜವಾದ ಕುತ್ತು ರ‍್ಯಾಮ್. ಅದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಚಿತ್ರ ಬಿಡಿಸುವ ಭಾಗವೂ ಮಾಮೂಲಿ ರ‍್ಯಾಮಿನಿಂದಲೇ ಕಡ ತೆಗಿಯುದು, ಕಂಪೆನಿಯವರು ಹಾಕಿ ಕೊಡುದು ಬಹಳ ಸಲ ಒಂದೇ 8 ಜಿಬಿಯ ತುಂಡು. ಒಂದು ಡಿಡಿಆರ್4-3200 ತುಂಡಿನಿಂದ ಸೆಕೆಂಡಿಗೆ 25.6 ಜಿಬಿ ಬರ್ತದೆ, ಎರಡು ಹಾಕಿದ್ರೆ ಅದರ ದುಪ್ಪಟ್ಟು. ಹಾಗಾಗಿ ಖಾಲಿ ಸ್ಲಾಟ್ ಉಂಟಾ ಅಂತ ಕೇಳದೆ ಲ್ಯಾಪ್‌ಟಾಪ್ ತೆಗಿಬೇಡಿ.

ಅವನ ಮಟ್ಟಿಗೆ ನಾನು ಟ್ಯಾಬ್ ಸಾಕು ಅಂದೆ, ಫೋನಿನ ಆಟ ಮಾತ್ರ ಆಡುದು, ಮನೆಯಲ್ಲೇ ಕೂತು ಆಡುದು, ಎಸಿ ಇಲ್ಲ ಅನ್ನುವ ಮೂರು ಕಾರಣಕ್ಕೆ. ತೆಗೆದದ್ದೂ ಆಯ್ತು. ಮೊದಲ ವಾರ ಫೋನ್ ಮಾಡಿ "ಮಾವ, ಇದೂ ಎಳೀತದೆ" ಅಂದ. ಹೋಗಿ ನೋಡಿದ್ರೆ ಬೀಳ್ತದೆ ಅಂತ ತಂಗಿ ಹಾಕಿಸಿದ ದಪ್ಪದ ಮಡಚುವ ಕವರು, ಬೆನ್ನಿಗೆ ಕಂಬಳಿ ಹೊದೆಸಿದ ಹಾಗೆ. 800 ಚದರ ಸೆಂಟಿಮೀಟರಿನಲ್ಲಿ ಅರ್ಧ ಅಲ್ಲೇ ಹೋಗಿತ್ತು. ಈಗ ಆಡುವಾಗ ಅವನು ಕವರು ತೆಗಿತಾನೆ, ಆಡಿ ಇಟ್ಟ ಕೂಡ್ಲೆ ತಂಗಿ ಪುನಃ ಹಾಕ್ತಾಳೆ.